‘ಆಮೇಲೆ’ ಬಿಟ್ಟು ‘ಅದಕ್ಕೇ’ ಹಿಡಿದೆ: ಇಸವಿಗಳನ್ನು ನೆನಪಿಟ್ಟುಕೊಂಡ ನನ್ನ ಅನುಭವ

ಕೆಎಎಸ್ ಪ್ರಿಲಿಮ್ಸ್‌ಗೆ ಓದುತ್ತಿದ್ದ ಮೊದಲ ವರ್ಷ ನನ್ನ ರೂಮಿನ ಗೋಡೆ ತುಂಬಾ ಇಸವಿಗಳಿದ್ದವು. 1902 ಶಿವನಸಮುದ್ರ. 1905 ಬೆಂಗಳೂರಿಗೆ ವಿದ್ಯುತ್ ದೀಪ. 1911 ಕೆಆರ್‌ಎಸ್ ಕೆಲಸ ಶುರು. 1924 ಕಾವೇರಿ ಒಪ್ಪಂದ. ಬೆಳಿಗ್ಗೆ ಹಲ್ಲುಜ್ಜುತ್ತಾ ಓದುತ್ತಿದ್ದೆ, ರಾತ್ರಿ ಮಲಗುವಾಗ ಓದುತ್ತಿದ್ದೆ. ಎರಡು ವಾರ ಬೇರೆ ವಿಷಯಕ್ಕೆ ಹೋಗಿ ವಾಪಸ್ ಬಂದರೆ ಅಂಕಿಗಳು ಇದ್ದವು, ಯಾವ ಅಂಕಿ ಯಾವುದಕ್ಕೆ ಅನ್ನೋದು ಹೋಗಿರುತ್ತಿತ್ತು. ಪರೀಕ್ಷೆಯಲ್ಲಿ ನಾಲ್ಕು ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಅಂತ ಕೇಳಿದರೆ ಕೈ ನಡುಗುತ್ತಿತ್ತು.

ಆ ಗೋಡೆಯ ಪಟ್ಟಿಯನ್ನು ಒಂದು ಸಲ ಸುಮ್ನೆ ಜೋರಾಗಿ ಓದಿಕೊಂಡಾಗ ಒಂದು ವಿಷಯ ಗಮನಕ್ಕೆ ಬಂತು. ಪ್ರತಿ ಎರಡು ಘಟನೆಗಳ ನಡುವೆ ನಾನು ಮನಸ್ಸಿನಲ್ಲೇ ‘ಆಮೇಲೆ’ ಅನ್ನುತ್ತಿದ್ದೆ. ಶಿವನಸಮುದ್ರ, ಆಮೇಲೆ ಬೆಂಗಳೂರಿನ ದೀಪ, ಆಮೇಲೆ ಕೆಆರ್‌ಎಸ್. ‘ಆಮೇಲೆ’ ಅನ್ನೋ ಪದ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ಅದರ ಮುಂದೆ ಯಾವ ಘಟನೆ ಇಟ್ಟರೂ ಕೂರುತ್ತದೆ. ಅದನ್ನು ತೆಗೆದು ‘ಅದಕ್ಕೇ’ ಹಾಕಲು ಹೋದೆ, ಅಲ್ಲೇ ಸಿಕ್ಕಿಹಾಕಿಕೊಂಡೆ. ಶಿವನಸಮುದ್ರದಲ್ಲಿ ವಿದ್ಯುತ್ ಬಂತು, ಅದಕ್ಕೇ ಕೆಆರ್‌ಎಸ್ ಕಟ್ಟಿದರು. ಯಾಕೆ? ನನಗೆ ಗೊತ್ತಿರಲಿಲ್ಲ. ನನ್ನ ನೋಟ್ಸ್‌ನಲ್ಲಿ ಕೆಜಿಎಫ್ ‘ಕೈಗಾರಿಕೆ’ ಪಾಠದಲ್ಲಿತ್ತು, ಶಿವನಸಮುದ್ರ ‘ಮೊದಲುಗಳು’ ಪಟ್ಟಿಯಲ್ಲಿತ್ತು, ಕೆಆರ್‌ಎಸ್ ವಿಶ್ವೇಶ್ವರಯ್ಯನವರ ಪಾಠದಲ್ಲಿ, 1924 ಅಂತರರಾಜ್ಯ ಜಲವಿವಾದದಲ್ಲಿ. ನಾಲ್ಕೂ ಒಂದೇ ಕತೆ ಅಂತ ಯಾರೂ ಹೇಳಿರಲಿಲ್ಲ.

ಒಂದು ಎ4 ಹಾಳೆಯನ್ನು ಅಡ್ಡ ಇಟ್ಟುಕೊಂಡು ಪೆನ್ಸಿಲ್ ಹಿಡಿದೆ. ಪ್ರತಿ ಘಟನೆಗೆ ಒಂದು ಚೌಕ, ಚೌಕದಿಂದ ಚೌಕಕ್ಕೆ ಬಾಣ. ನಿಯಮ ಒಂದೇ: ಬಾಣದ ಮೇಲೆ ಒಂದು ಪೂರ್ತಿ ವಾಕ್ಯ ಬರೆಯಲು ಆಗದಿದ್ದರೆ ಬಾಣ ಎಳೆಯಬಾರದು. ಚೌಕದೊಳಗೆ ಇಸವಿ ಬರೆಯುವುದು ಕೊನೆಗೆ.

ನನ್ನ ಸರಪಳಿ ಹೀಗೆ ಬಂತು. ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿ ನಡೆಸುತ್ತಿತ್ತು. ಚಿನ್ನ ಸಿಗುತ್ತಾ ಹೋದ ಹಾಗೆ ಗಣಿ ಆಳಕ್ಕೆ ಇಳಿಯಿತು. ಆಳ ಜಾಸ್ತಿಯಾದರೆ ಅದಿರು ಮೇಲೆತ್ತಲು, ನೀರು ಹೊರಹಾಕಲು ಹೆಚ್ಚು ಶಕ್ತಿ ಬೇಕು. ಉಗಿ ಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಬೇಕು, ಕೋಲಾರದಂಥ ಒಣ ಸೀಮೆಯಲ್ಲಿ ಅದು ದುಬಾರಿ. ಈ ವಾಕ್ಯವೇ ಮೊದಲ ಬಾಣ. ಅದಕ್ಕೇ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆದು ಗಣಿಗೆ ಕೊಡುವ ಯೋಜನೆ ಬಂತು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್‌ಗೆ ತಂತಿಯಲ್ಲಿ ವಿದ್ಯುತ್ ಹೋಯಿತು. ಅದರ ಅರ್ಧ ದೂರದಲ್ಲೂ ಇಲ್ಲದ ಮೈಸೂರಿಗೆ ಮೊದಲು ಯಾಕೆ ಹೋಗಲಿಲ್ಲ ಅಂತ ನೀವು ಕೇಳಬಹುದು. ಯಾಕಂದರೆ ಹಗಲೂ ರಾತ್ರಿ ವಿದ್ಯುತ್ ಕೊಂಡು ದುಡ್ಡು ಕೊಡುವ ಗಿರಾಕಿ ಇದ್ದದ್ದು ಗಣಿಯಲ್ಲಿ. ಈ ಒಂದು ಉತ್ತರ ಸಿಕ್ಕ ಮೇಲೆ ‘1902 ಕೆಜಿಎಫ್, 1905 ಬೆಂಗಳೂರು’ ಅನ್ನೋ ಕ್ರಮವನ್ನು ನಾನು ಯಾವತ್ತೂ ತಿರುವುಮುರುವು ಮಾಡಿಲ್ಲ. ಮೊದಲು ಗಣಿ, ಆಮೇಲೆ ಊರಿನ ದೀಪ. ಬೇರೆ ರೀತಿ ಆಗಲು ಕಾರಣವೇ ಇರಲಿಲ್ಲ.

ಮುಂದಿನ ಬಾಣ ನನಗೆ ತುಂಬಾ ಇಷ್ಟ. ಗಣಿಗೆ ವರ್ಷವಿಡೀ ಒಂದೇ ಸಮ ವಿದ್ಯುತ್ ಬೇಕು, ಆದರೆ ಕಾವೇರಿ ವರ್ಷವಿಡೀ ಒಂದೇ ಸಮ ಹರಿಯುವುದಿಲ್ಲ. ಬೇಸಿಗೆಯಲ್ಲಿ ಶಿವನಸಮುದ್ರದಲ್ಲಿ ನೀರು ಇಳಿಯುತ್ತದೆ. ಅದಕ್ಕೇ ಮಳೆಗಾಲದ ನೀರನ್ನು ಮೇಲ್ಭಾಗದಲ್ಲಿ ಎಲ್ಲಾದರೂ ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡಬೇಕು. ಆ ‘ಎಲ್ಲಾದರೂ’ ಅನ್ನೋದೇ ಕೆಆರ್‌ಎಸ್ ಎದ್ದ ಕನ್ನಂಬಾಡಿ. ಮಂಡ್ಯದ ಗದ್ದೆಗಳಿಗೆ ನೀರು ಕೊಡುವ ಉದ್ದೇಶವೂ ಯೋಜನೆಯಲ್ಲಿತ್ತು, ಅದನ್ನು ನಾನು ಅದೇ ಚೌಕಕ್ಕೆ ಇನ್ನೊಂದು ಕಡೆಯಿಂದ ಬರುವ ಬಾಣವಾಗಿ ಎಳೆದೆ. ಆದರೆ 1911ರಲ್ಲೇ ಯಾಕೆ ಅನ್ನೋದನ್ನು ಅರ್ಥ ಮಾಡಿಸಿದ್ದು ಕೋಲಾರದ ಬಾಣ. ಕೆಆರ್‌ಎಸ್ ಅಂದರೆ ಬೃಂದಾವನ ಮತ್ತು ಭತ್ತ ಅಂತ ಮಾತ್ರ ತಿಳಿದಿದ್ದವಳಿಗೆ ಅದರ ಬುಡದಲ್ಲಿ ಚಿನ್ನದ ಗಣಿ ಇದೆ ಅಂತ ಗೊತ್ತಾದ ದಿನ ಹಾಳೆ ಮುಂದೆ ಇಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ.

ಇಲ್ಲಿಗೆ ಎರಡನೇ ಸರಪಳಿ ಬಂದು ಸೇರುತ್ತದೆ, ಇದನ್ನು ಹಾಳೆಯ ಕೆಳಗಿನಿಂದ ಎಳೆದೆ. 1831ರಿಂದ 1881ರವರೆಗೆ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂತು. ಮೈಸೂರು ತನ್ನ ಕೆರೆ, ಕಾಲುವೆಗಳ ಕೆಲಸಕ್ಕೆ ಕೈಹಾಕಿದಾಗ ಕೆಳಗಿದ್ದ ಮದ್ರಾಸಿಗೆ ತಂಜಾವೂರಿನ ಗದ್ದೆಗಳ ನೀರಿನ ಚಿಂತೆ ಶುರುವಾಯಿತು. ಅದಕ್ಕೇ 1892ರ ಒಪ್ಪಂದ: ಪಟ್ಟಿಯಲ್ಲಿರುವ ನದಿಗಳಿಗೆ ಅಡ್ಡಲಾಗಿ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮೊದಲು ಮದ್ರಾಸಿನ ಒಪ್ಪಿಗೆ ಬೇಕು. ಈಗ ಎರಡೂ ಸರಪಳಿ ಕನ್ನಂಬಾಡಿಯಲ್ಲಿ ಡಿಕ್ಕಿ ಹೊಡೆಯುತ್ತವೆ. ಮೇಲಿನ ಸರಪಳಿ ‘ಅಣೆಕಟ್ಟು ಬೇಕೇ ಬೇಕು’ ಅನ್ನುತ್ತದೆ, ಕೆಳಗಿನದು ‘ಕೇಳದೆ ಕಟ್ಟಬೇಡ’ ಅನ್ನುತ್ತದೆ. ಮದ್ರಾಸು ಮೆಟ್ಟೂರಿನಲ್ಲಿ ತನ್ನದೇ ಅಣೆಕಟ್ಟಿನ ಯೋಚನೆಯಲ್ಲಿತ್ತು, ಒಪ್ಪಲಿಲ್ಲ. ಅದಕ್ಕೇ 1914ರ ಮಧ್ಯಸ್ಥಿಕೆಯ ತೀರ್ಪು. ಅದು ಮದ್ರಾಸಿಗೆ ಹಿಡಿಸಲಿಲ್ಲ, ವಿಷಯ ಲಂಡನ್ನಿನವರೆಗೂ ಹೋಯಿತು. ಅದಕ್ಕೇ ಕೊನೆಗೆ 1924ರ ಒಪ್ಪಂದ, ಇಲ್ಲಿ ಕೆಆರ್‌ಎಸ್, ಅಲ್ಲಿ ಮೆಟ್ಟೂರು.

ಇಡೀ ಹಾಳೆಯಲ್ಲಿ ನಾನು ಬಾಯಿಪಾಠ ಮಾಡಿದ್ದು ಮೂರೇ ಇಸವಿ: 1892, 1902, 1924. ಮೊದಲನೆಯದು ಮತ್ತು ಕೊನೆಯದು ಎರಡೂ ಫೆಬ್ರವರಿ 18ರಂದು ಸಹಿಯಾದವು, ಅದರಿಂದ ಇನ್ನೂ ಸುಲಭವಾಯಿತು. ಉಳಿದದ್ದನ್ನು ಜಾಗದಿಂದ ಹೇಳಬಹುದು. ಮಧ್ಯಸ್ಥಿಕೆ ಯಾವಾಗ ಅಂತ ಕೇಳಿದರೆ, ಕಟ್ಟಲು ಹೊರಟ ಮೇಲೆ ತಾನೇ ಜಗಳ, ಹಾಗಾಗಿ ಕೆಆರ್‌ಎಸ್ ಕೆಲಸ ಶುರುವಾದ ಮೇಲೆ, 1924ಕ್ಕಿಂತ ಮೊದಲು. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಆರಿಸಲು ಇಷ್ಟು ಸಾಕು.

ತಪ್ಪೂ ಮಾಡಿದ್ದೇನೆ, ಅದನ್ನು ಹೇಳಲೇಬೇಕು. ಮೊದಲ ಹಾಳೆಯಲ್ಲಿ ಶಿವನಸಮುದ್ರದ ಚೌಕದ ಪಕ್ಕ ವಿಶ್ವೇಶ್ವರಯ್ಯ ಅಂತ ಬರೆದಿದ್ದೆ. ಕತೆ ಚೆನ್ನಾಗಿ ಕೂತಿತ್ತು: ಅವರೇ ವಿದ್ಯುತ್ ತಂದರು, ಅವರೇ ಅಣೆಕಟ್ಟು ಕಟ್ಟಿದರು. ಆದರೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ಅದಕ್ಕೆ ಮೊದಲು ಬಹುಕಾಲ ಬಾಂಬೆ ಪ್ರಾಂತ್ಯದ ಸೇವೆಯಲ್ಲಿದ್ದರು. ಶಿವನಸಮುದ್ರ ಶೇಷಾದ್ರಿ ಅಯ್ಯರ್ ಅವರ ಕಾಲದ್ದು, ಅವರು 1901ರಲ್ಲೇ ತೀರಿಕೊಂಡರು, ವಿದ್ಯುತ್ ಹರಿದದ್ದನ್ನು ನೋಡಲಿಲ್ಲ. ಸರಪಳಿಯ ಅಪಾಯ ಇದೇ. ಕತೆ ನಯವಾಗಿದ್ದರೆ ತಪ್ಪು ಕೊಂಡಿ ಕೂಡ ಗಟ್ಟಿಯಾಗಿ ನೆನಪಿರುತ್ತದೆ, ಬಿಡಿ ಇಸವಿ ಮರೆತ ಹಾಗೆ ಅದು ಮರೆಯುವುದಿಲ್ಲ. ಅಂದಿನಿಂದ ಪ್ರತಿ ಬಾಣಕ್ಕೂ ಎರಡು ಪರೀಕ್ಷೆ ಮಾಡುತ್ತೇನೆ. ಆ ವ್ಯಕ್ತಿ ಆ ವರ್ಷ ಎಲ್ಲಿದ್ದರು ಅಂತ ನೋಡುತ್ತೇನೆ. ಹಿಂದಿನ ಚೌಕವನ್ನು ಕೈಯಿಂದ ಮುಚ್ಚಿ, ‘ಇದು ಇಲ್ಲದಿದ್ದರೆ ಮುಂದಿನದು ಆಗುತ್ತಿತ್ತಾ?’ ಅಂತ ಕೇಳಿಕೊಳ್ಳುತ್ತೇನೆ. ಆಗೇ ಆಗುತ್ತಿತ್ತು ಅನ್ನಿಸಿದರೆ ಬಾಣ ಅಳಿಸುತ್ತೇನೆ. ಬೆಂಗಳೂರಿನ ದೀಪದಿಂದ ಕೆಆರ್‌ಎಸ್‌ಗೆ ಎಳೆದಿದ್ದ ಬಾಣ ಹೀಗೇ ಹೋಯಿತು. ಬೆಂಗಳೂರಿನ ದೀಪ ಈಗ ಪಕ್ಕದ ಕೊಂಬೆಯಾಗಿದೆ.

ಇನ್ನೊಂದು ಕಡೆ ಸರಪಳಿ ಕೈಕೊಡುತ್ತದೆ. 1924ರ ಒಪ್ಪಂದದಲ್ಲಿ 50 ವರ್ಷದ ನಂತರ ಕೆಲವು ವಿಷಯಗಳನ್ನು ಮತ್ತೆ ನೋಡಬಹುದು ಅಂತ ಇತ್ತು, ಅಂದರೆ 1974. ನ್ಯಾಯಮಂಡಳಿ ಬಂದದ್ದು 1990ರಲ್ಲಿ. ನಾನು ಖುಷಿಯಿಂದ ‘ಒಪ್ಪಂದ ಮುಗಿಯಿತು, ಅದಕ್ಕೇ ನ್ಯಾಯಮಂಡಳಿ’ ಅಂತ ಬರೆದೆ. ಅದು ಸರಿಯಲ್ಲ. ಒಪ್ಪಂದ ಮುಗಿಯಿತು ಅಂತ ಕರ್ನಾಟಕ ಹೇಳಿತು, ಇಲ್ಲ ಅಂತ ತಮಿಳುನಾಡು ಹೇಳಿತು. ನಡುವೆ ಹಾರಂಗಿ, ಹೇಮಾವತಿ, ಕಬಿನಿ ಅಣೆಕಟ್ಟುಗಳಿದ್ದವು, ಮಾತುಕತೆಗಳಿದ್ದವು, ಕೊನೆಗೆ ಸುಪ್ರೀಂ ಕೋರ್ಟಿನ ನಿರ್ದೇಶನ ಇತ್ತು. ಹದಿನಾರು ವರ್ಷದ ಅಂತರವನ್ನು ಒಂದು ‘ಅದಕ್ಕೇ’ ಹೊರುವುದಿಲ್ಲ. ಹಾಗಾಗಿ ಅಲ್ಲಿ ಚುಕ್ಕೆ ಚುಕ್ಕೆ ಗೆರೆ ಹಾಕಿದ್ದೇನೆ. ಚುಕ್ಕೆ ಗೆರೆ ಕಂಡರೆ ‘ಇಲ್ಲಿ ಕಾರಣ ಒಂದಲ್ಲ, ಇಸವಿಯನ್ನು ಬೇರೆಯಾಗಿ ಓದು’ ಅಂತ ಅರ್ಥ.

ಮತ್ತೆ ಓದುವ ರೀತಿಯೂ ಬದಲಾಯಿತು. ಹಾಳೆಯನ್ನು ನೋಡುತ್ತಾ ಕೂರುವುದಿಲ್ಲ. ಮರುದಿನ ಬೆಳಿಗ್ಗೆ ಖಾಲಿ ಹಾಳೆಯಲ್ಲಿ ಬಾಣದ ಮೇಲಿನ ವಾಕ್ಯಗಳನ್ನು ಮಾತ್ರ ಬರೆಯುತ್ತೇನೆ, ಚೌಕಗಳು ಖಾಲಿ. ‘ಬೇಸಿಗೆಯಲ್ಲಿ ನೀರು ಇಳಿಯುತ್ತದೆ’ ಅಂತ ಬರೆದರೆ ಎರಡು ಪಕ್ಕದ ಚೌಕ ತಾನಾಗಿ ತುಂಬುತ್ತದೆ. ಒಂದು ವಾರದ ನಂತರ ಕೊನೆಯಿಂದ ಹಿಂದಕ್ಕೆ: 1924 ಯಾಕೆ, ಅದರ ಹಿಂದೆ ಯಾಕೆ, ಅದರ ಹಿಂದೆ ಯಾಕೆ. ಎಲ್ಲಿ ನಿಲ್ಲುತ್ತೇನೋ ಆ ಬಾಣವನ್ನು ಮಾತ್ರ ಮತ್ತೆ ಓದುತ್ತೇನೆ. ಒಂದು ಹಾಳೆಯಲ್ಲಿ ಏಳೆಂಟು ಚೌಕಕ್ಕಿಂತ ಜಾಸ್ತಿ ಹಾಕಿದರೆ ನನಗೆ ಹಿಡಿತ ತಪ್ಪುತ್ತದೆ, ಆಗ ಎರಡು ಹಾಳೆ ಮಾಡುತ್ತೇನೆ.

ಹೋದ ತಿಂಗಳು ಅಕ್ಕನ ಮಗಳಿಗೆ ಈ ಹಾಳೆ ತೋರಿಸಿದೆ, ಅವಳು ಹತ್ತನೇ ಕ್ಲಾಸು. 1892ರ ಚೌಕವನ್ನು ಕೈಯಿಂದ ಮುಚ್ಚಿ ಕೇಳಿದಳು, “ಚಿಕ್ಕಮ್ಮ, ಈ ಒಪ್ಪಂದ ಇಲ್ಲದಿದ್ರೆ ಅಣೆಕಟ್ಟನ್ನ ಮೊದಲೇ ಪೂರ್ತಿ ಎತ್ತರಕ್ಕೆ ಕಟ್ತಿದ್ರಾ?”

ಕಟ್ಟಬೇಕು ಅಂತಲೇ ಇತ್ತು ಪುಟ್ಟಿ, ಅಂದೆ. ಮೊದಲು ಒಪ್ಪಿಗೆ ಸಿಕ್ಕಿದ್ದು ಸುಮಾರು 11 ಟಿಎಂಸಿ ಹಿಡಿಯುವ ಸಣ್ಣ ಅಣೆಕಟ್ಟಿಗೆ, ಮೈಸೂರಿಗೆ ಬೇಕಿದ್ದದ್ದು 41.5 ಟಿಎಂಸಿ. ಆದರೆ ಅಡಿಪಾಯ ಹಾಕಿದ್ದು ದೊಡ್ಡ ಅಣೆಕಟ್ಟಿನ ಅಗಲಕ್ಕೇ.

ಅವಳು ಪೆನ್ಸಿಲ್ ಇಸಿದುಕೊಂಡು ಅಡಿಪಾಯಕ್ಕೆ ಒಂದು ಹೊಸ ಚೌಕ ಬರೆದಳು. ಅಲ್ಲಿಂದ 1914ರ ಜಗಳಕ್ಕೆ ಬಾಣ ಎಳೆದು, ಅದರ ಮೇಲೆ ಏನು ಬರೆಯಬೇಕು ಅಂತ ಯೋಚಿಸುತ್ತಾ ಕೂತಳು.