ಹುಬ್ಬು ಅಲುಗಿದರೆ ಒತ್ತಡ ಸರಿ

ತಂಗಿಯ ಮೊಮ್ಮಗಳು ಪರೀಕ್ಷೆ ಮುಗಿಸಿ ಹದಿನೈದು ದಿನ ನಮ್ಮ ಮನೆಯಲ್ಲಿದ್ದಳು. ಮೊದಲ ಭಾನುವಾರವೇ ಬಚ್ಚಲುಮನೆಯಿಂದ ಗರಗರ ಉಜ್ಜುವ ಸದ್ದು ಕೇಳಿಸಿತು. ಬಟ್ಟೆ ಒಗೆಯುತ್ತಿದ್ದಾಳೆ ಎಂದುಕೊಂಡೆ. ಹೊರಗೆ ಬಂದಾಗ ನೋಡಿದರೆ ಹಣೆಯ ಅಂಚು ಕೆಂಪಾಗಿತ್ತು, ಕೈಯಲ್ಲಿ ತಲೆ ತಿಕ್ಕುವ ಅಂಗೈಯಗಲದ ಒಂದು ಗುಲಾಬಿ ಸಿಲಿಕೋನ್ ಬ್ರಷ್ಷು, ಅದರ ಹಲ್ಲುಗಳ ತುಂಬಾ ಕೂದಲು. "ದೊಡ್ಡಜ್ಜಿ, ಹೊಟ್ಟು ಹೋಗಲಿ ಎಂದು ಚೆನ್ನಾಗಿ ಉಜ್ಜಿದೆ" ಎಂದಳು. ತಲೆ ಎಂದರೆ ತಳ ಹಿಡಿದ ಪಾತ್ರೆಯೇ? ಅಂದು ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ತಪ್ಪನ್ನು ಪಕ್ಕದ ಮನೆಯವರೂ ಮಾಡುತ್ತಾರೆ, ನನ್ನ ಸೊಸೆಯೂ ಮಾಡಿದ್ದಾಳೆ.

ಮೊದಲು ಆ ಬ್ರಷ್ಷಿನ ಕೂದಲನ್ನು ಬಿಳಿ ಟವೆಲ್ ಮೇಲೆ ಹರಡಿಸಿದೆ. ತಾನಾಗಿ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಂಟು ಇರುತ್ತದೆ. ಅದು ಬುಡ. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಸಹಜ. ಎರಡು ದಿನ ತಲೆ ಬಾಚದೆ ಮೂರನೆಯ ದಿನ ಸ್ನಾನ ಮಾಡಿದರೆ ಎಲ್ಲವೂ ಒಟ್ಟಿಗೆ ಬ್ರಷ್ಷಿಗೆ ಬಂದು ಹೆದರಿಸುತ್ತವೆ, ಅಷ್ಟೇ. ಆದರೆ ಈ ಹುಡುಗಿಯ ಕೂದಲಲ್ಲಿ ಅರ್ಧಕ್ಕರ್ಧ ಗೇಣುದ್ದದ ತುಂಡುಗಳು, ಎರಡು ತುದಿಯಲ್ಲೂ ಗಂಟಿಲ್ಲ. ಅವು ಉದುರಿದವಲ್ಲ, ತುಂಡಾದವು. ಅವಳು ಸಿಕ್ಕು ಬಿಡಿಸದೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲ ಮೇಲೆ ಬ್ರಷ್ಷನ್ನು ಗುಂಡಗುಂಡಗೆ ತಿರುಗಿಸಿದ್ದಳು. ಒದ್ದೆ ಕೂದಲಿನ ಶಕ್ತಿ ಕಡಿಮೆ. ಎಳೆದರೆ ಹಿಗ್ಗಿ ಹಿಗ್ಗಿ ತುಂಡಾಗುತ್ತದೆ. ನಮ್ಮ ಅಜ್ಜಿ ಎಣ್ಣೆಸ್ನಾನದ ದಿನ ಒಣ ತಲೆಯನ್ನು ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸದೆ ಹಂಡೆಯ ಹತ್ತಿರವೇ ಬಿಡುತ್ತಿರಲಿಲ್ಲ. ಕಾರಣ ಹೇಳಲು ಅವರಿಗೆ ಬರುತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಇನ್ನು ಒತ್ತುವ ವಿಷಯ. ಎಲ್ಲರೂ ತಪ್ಪುವುದು ಇಲ್ಲಿಯೇ. ತಲೆಯ ಚರ್ಮ ಬುರುಡೆಗೆ ಅಂಟಿಕೊಂಡಿಲ್ಲ. ಕೆಳಗೆ ಒಂದು ಸಡಿಲ ಪದರ ಇದ್ದು, ಅದರ ಮೇಲೆ ಚರ್ಮವೆಲ್ಲ ಒಂದೇ ಹೊದಿಕೆಯ ಹಾಗೆ ಅತ್ತಿತ್ತ ಸರಿಯುತ್ತದೆ. ತಲೆ ತಿಕ್ಕುವುದು ಎಂದರೆ ಆ ಹೊದಿಕೆಯನ್ನು ಸರಿಸುವುದು, ಅದರ ಮೇಲೆ ಗೀರುವುದಲ್ಲ. ಬ್ರಷ್ಷಿನ ಹಲ್ಲು ಇಟ್ಟ ಜಾಗದಿಂದ ಜಾರಬಾರದು. ಹಲ್ಲು ನಿಂತಲ್ಲೇ ನಿಂತು ಕೆಳಗಿನ ಚರ್ಮ ಅದರ ಜೊತೆ ಅಲುಗಬೇಕು.

ಅದು ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಹೇಳುವ ಕ್ರಮ ಒಂದಿದೆ. ಕಷ್ಟ ಎನಿಸಿದರೂ ಮೊದಲ ಸಲ ಕನ್ನಡಿಯ ಮುಂದೆ, ಒಣ ತಲೆಯಲ್ಲಿ, ಎಣ್ಣೆಯಿಲ್ಲದೆ ಮಾಡಿ ನೋಡಿ. ಹಣೆಯ ಮೇಲೆ ಕೂದಲು ಶುರುವಾಗುವ ಕಡೆ ಬ್ರಷ್ಷನ್ನು ಇಡಿ. ಕಲಸಿಟ್ಟ ಚಪಾತಿ ಹಿಟ್ಟಿನ ಹದ ನೋಡಲು ಬೆರಳು ಒತ್ತುತ್ತೇವಲ್ಲ, ಅಷ್ಟೇ ಭಾರ ಹಾಕಿ. ಈಗ ಕೈಯನ್ನು ಅರ್ಧ ಬೆರಳಿನಷ್ಟು ಹಿಂದಕ್ಕೆ ಸರಿಸಿ, ಮುಂದಕ್ಕೆ ತನ್ನಿ. ಕನ್ನಡಿಯಲ್ಲಿ ಹುಬ್ಬು ನೋಡಿ. ಹುಬ್ಬು ಕೊಂಚ ಮೇಲೆದ್ದು ಇಳಿದರೆ ಒತ್ತಡ ಸರಿ. ಹುಬ್ಬು ಅಲುಗದೆ ಕೂದಲು ಮಾತ್ರ ಸರಸರ ಎಂದರೆ ಬ್ರಷ್ಷು ಮೇಲೆ ಜಾರುತ್ತಿದೆ. ಭಾರ ತುಸು ಹೆಚ್ಚಿಸಿ, ಕೈಯ ವೇಗ ಕಡಿಮೆ ಮಾಡಿ. ಹಲ್ಲುಗಳು ಬಾಗಿ ಮಲಗಿಕೊಂಡರೆ, ಬ್ರಷ್ಷು ಹಿಡಿದ ಉಗುರಿನ ತುದಿ ಬೆಳ್ಳಗಾದರೆ, ಅದು ಅತಿಯಾಯಿತು. ಕಿವಿಯ ಮೇಲ್ಭಾಗಕ್ಕೆ ಇಟ್ಟಾಗ ಕಿವಿ ಅಲುಗಬೇಕು. ನೆತ್ತಿಯಲ್ಲಿ ನೋಡಲು ಏನೂ ಇಲ್ಲ, ಅಲ್ಲಿ ಇನ್ನೊಂದು ಕೈಯ ತೋರುಬೆರಳನ್ನು ಬ್ರಷ್ಷಿನ ಪಕ್ಕ ಹಗುರವಾಗಿ ಇಡಿ. ಚರ್ಮದ ಜೊತೆ ಬೆರಳೂ ತೇಲಿದಂತೆ ಹೋಗಿ ಬರಬೇಕು. ಒಂದು ಜಾಗದಲ್ಲಿ ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಬ್ರಷ್ಷನ್ನು ಪೂರ್ತಿ ಎತ್ತಿ ಎರಡು ಬೆರಳು ಆಚೆ ಇಡಿ. ಎಳೆದುಕೊಂಡು ಹೋಗಬೇಡಿ, ಎತ್ತಿ ಇಡಿ. ಹೆಕ್ಕತ್ತಿನಿಂದ ಶುರು ಮಾಡಿ, ಎರಡು ಪಕ್ಕ ಮುಗಿಸಿ, ಕೊನೆಗೆ ನೆತ್ತಿಗೆ ಬನ್ನಿ. ಮೂರು ನಾಲ್ಕು ನಿಮಿಷ ಸಾಕು. ಮುಗಿದ ಮೇಲೆ ಬೈತಲೆ ತೆಗೆದು ನೋಡಿದರೆ ಚರ್ಮ ಮೊದಲಿದ್ದ ಬಣ್ಣದಲ್ಲೇ ಇರಬೇಕು. ಸ್ವಲ್ಪ ಬಿಸಿ ಎನಿಸಿದರೆ ಪರವಾಗಿಲ್ಲ. ಮರುದಿನ ಬಾಚುವಾಗ ಚುರುಗುಟ್ಟಿದರೆ ನೀವು ಒತ್ತಿದ್ದು ಹೆಚ್ಚು.

ಮೂರು ದಿನ ಒಣ ತಲೆಯಲ್ಲಿ ಅಭ್ಯಾಸ ಮಾಡಿದ ಮೇಲೆಯೇ ಅವಳಿಗೆ ಶಾಂಪೂ ಜೊತೆ ಬಳಸಲು ಬಿಟ್ಟೆ. ಶಾಂಪೂವನ್ನು ಅಂಗೈಯಲ್ಲಿ ನೀರಿನ ಜೊತೆ ಕಲಸಿ, ಬುಡಕ್ಕೆ ಬೆರಳಿನಿಂದ ಹಚ್ಚಿ, ನೊರೆ ಬಂದ ಮೇಲೆ ಬ್ರಷ್ಷು. ನೊರೆಯಲ್ಲಿ ಹಲ್ಲು ಜಾರುವುದು ಸುಲಭ, ಅದಕ್ಕೇ ಕೈ ಇನ್ನೂ ನಿಧಾನವಾಗಿರಬೇಕು. ಅವಳು ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ಟವೆಲ್ ಹರಡಿಸಿದೆ. ಕೂದಲು ಇತ್ತು, ಆದರೆ ತುಂಡುಗಳು ಹುಡುಕಿದರೆ ಎರಡೋ ಮೂರೋ ಸಿಕ್ಕವು.

ಉಜ್ಜಿದಷ್ಟೂ ಸ್ವಚ್ಛ ಎಂಬ ಈ ನಂಬಿಕೆ ಎಲ್ಲಿಂದ ಬಂತೋ! ಇದೇ ಹುಡುಗಿ ನನ್ನ ನಾನ್‌ಸ್ಟಿಕ್ ಕಾವಲಿಯನ್ನೂ ಸ್ಟೀಲ್ ಜುಂಗಿನಿಂದ ತಿಕ್ಕಿ ತಳ ಬೆಳ್ಳಗೆ ಮಾಡಿಟ್ಟಳು. ಬಿಸಿ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ದರೆ ಆಗುತ್ತಿತ್ತು. ಇರಲಿ.

ಹೊಟ್ಟಿನ ಮಾತಿಗೆ ಬಂದರೆ, ಅದನ್ನು ಬ್ರಷ್ಷಿನಲ್ಲಿ ಕೆರೆದು ತೆಗೆಯಲು ಆಗುವುದಿಲ್ಲ. ಕೆರೆದರೆ ಮೇಲಿನ ಪೊರೆ ಹೋಗುತ್ತದೆ, ಕೆಳಗಿನ ಚರ್ಮ ಕೆರಳಿ ಮತ್ತಷ್ಟು ಹೊಟ್ಟು ಏಳುತ್ತದೆ. ಅದಕ್ಕೆ ಕಾರಣವಾಗುವ ಶಿಲೀಂಧ್ರಕ್ಕೆ ತಲೆಯ ಜಿಡ್ಡೇ ಆಹಾರ. ಹಾಗಾಗಿ ಹೊಟ್ಟು ಇರುವ ತಲೆಗೆ ಎಣ್ಣೆ ಸುರಿದು ಮಸಾಜ್ ಮಾಡಿ ರಾತ್ರಿಯಿಡೀ ಬಿಡುವ ಪದ್ಧತಿಯನ್ನು ಬಿಡಿ. ನಾನೂ ನನ್ನ ಮಕ್ಕಳಿಗೆ ಹಾಗೆಯೇ ಮಾಡಿದವಳು, ಅದು ತಪ್ಪೆಂದು ಚರ್ಮದ ವೈದ್ಯರು ತಿಳಿಸಿದ ಮೇಲೆ ನಿಲ್ಲಿಸಿದೆ. ಅವರು ಬರೆದುಕೊಟ್ಟ ಕೀಟೋಕೋನಜೋಲ್ ಶಾಂಪೂವನ್ನು ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕಿತ್ತು. ಕೆಲಸ ಮಾಡುವುದು ಆ ಐದು ನಿಮಿಷ, ಉಜ್ಜುವ ರಭಸವಲ್ಲ. ಕೂದಲು ದಟ್ಟವಾಗಿ ಬೆಳೆಯುತ್ತದೆ ಎಂಬ ಆಸೆಯಿಂದ ಬ್ರಷ್ಷು ಕೊಳ್ಳುವವರಿಗೂ ಒಂದು ಮಾತು. ಜಪಾನಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 9 ಗಂಡಸರು 24 ವಾರ ದಿನಕ್ಕೆ 4 ನಿಮಿಷ ಯಂತ್ರದಿಂದ ತಲೆಗೆ ಮಸಾಜ್ ಮಾಡಿಕೊಂಡರು. ಕೂದಲಿನ ಎಳೆ ಸ್ವಲ್ಪ ದಪ್ಪವಾಯಿತು. 9 ಜನರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಅದರಲ್ಲಿ ಅವಸರವೂ ಇರಲಿಲ್ಲ ಎಂಬುದನ್ನು ನೋಡಿ: ದಿನಕ್ಕೆ 4 ನಿಮಿಷ, ಐದಾರು ತಿಂಗಳು.

ವಿದ್ಯುತ್ ಮಸಾಜರ್ ಬೇರೆಯದೇ ಸ್ವಭಾವದ್ದು. ಹಲ್ಲುಗಳಿರುವ ನಾಲ್ಕು ತಿರುಗುವ ತಲೆಗಳು ತಾವಾಗಿ ಹಿಸುಕುವ ಯಂತ್ರ ಅದು, ಅದರ ಮೇಲೆ ನಿಮ್ಮ ಕೈಯ ಭಾರ ಬೇಡ. ಯಂತ್ರದ ತೂಕವೇ ಸಾಕು, ನೀವು ಬೀಳದಂತೆ ಹಿಡಿದುಕೊಂಡರೆ ಆಯಿತು. ಕಿವಿಗೊಟ್ಟು ಕೇಳಿ: ಗಾಳಿಯಲ್ಲಿ ತಿರುಗುವಾಗಿನ ಮೋಟಾರಿನ ಸದ್ದು ತಲೆಯ ಮೇಲೆ ಇಟ್ಟಾಗಲೂ ಹೆಚ್ಚು ಕಡಿಮೆ ಹಾಗೆಯೇ ಇರಬೇಕು. ಸದ್ದು ಕುಗ್ಗಿ ನರಳಿದಂತಾದರೆ ನೀವು ಒತ್ತುತ್ತಿದ್ದೀರಿ. ಉದ್ದ ಕೂದಲಿನವರು ಕೂದಲನ್ನು ಭಾಗ ಮಾಡಿ ಪಕ್ಕಕ್ಕೆ ಸರಿಸಿ, ಇಟ್ಟಲ್ಲಿ ನಿಲ್ಲಿಸಿ, ಎತ್ತಿ ಇಡಬೇಕು. ಎಳೆದಾಡಿದರೆ ಯಂತ್ರದ ತಿರುಗುವ ತಲೆಗೆ ಕೂದಲು ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡರೆ ಗಾಬರಿಯಿಂದ ಎಳೆಯಬೇಡಿ, ಮೊದಲು ಆಫ್ ಮಾಡಿ, ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಡಿಸಿ. ಚಾರ್ಜಿಗೆ ಹಾಕಿಕೊಂಡೇ ತಲೆಗೆ ಹಿಡಿಯುವವರನ್ನು ನೋಡಿದ್ದೇನೆ, ಅದೂ ಒದ್ದೆ ಕೂದಲಿಗೆ. ಎಂದಿಗೂ ಬೇಡ.

ಯಾರು ಇವನ್ನು ಮುಟ್ಟಲೇಬಾರದು? ತಲೆಯಲ್ಲಿ ಗಾಯ, ಕೀವುಗುಳ್ಳೆ, ಹುಳುಕಡ್ಡಿ, ಹೊಲಿಗೆ ಇರುವವರು. ಸೋರಿಯಾಸಿಸ್ ಇರುವವರು, ಏಕೆಂದರೆ ಆ ಚರ್ಮ ಎಲ್ಲಿ ಗೀರಿದರೆ ಅಲ್ಲೇ ಹೊಸ ಕಲೆ ಹುಟ್ಟಿಸಬಲ್ಲದು. ಕೂದಲು ನಾಟಿ ಮಾಡಿಸಿಕೊಂಡವರು ಮತ್ತು ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರು ಹೇಳುವವರೆಗೆ ಬೇಡ. ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ಒತ್ತಡಕ್ಕೂ ಚರ್ಮದ ಕೆಳಗೆ ರಕ್ತ ಒಸರಿ ಕಂದಬಹುದು. ಅವರು ಯಂತ್ರ ಬಿಟ್ಟು ಬೆರಳು ಬಳಸಲಿ. ತಲೆಯೊಳಗೆ ನೀರು ಇಳಿಸುವ ಶಂಟ್ ನಳಿಕೆ, ಕಿವಿಯ ಹಿಂದೆ ಕೇಳಿಸಲು ಹಾಕಿದ ಕಾಕ್ಲಿಯರ್ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ವಿದ್ಯುತ್ ಮಸಾಜರ್ ಹಿಡಿಯಬಾರದು. ಹಸುಗೂಸಿನ ನೆತ್ತಿ ಕೂಡಿಕೊಳ್ಳಲು ಒಂದೂವರೆ ವರ್ಷದವರೆಗೂ ಬೇಕಾಗುತ್ತದೆ, ಅಲ್ಲಿಗೆ ಯಂತ್ರದ ಮಾತೇ ಬೇಡ. ಇನ್ನು ಬಾಣಂತಿಯರಿಗೆ ಮೂರು ನಾಲ್ಕು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಅದು ತಾನಾಗಿ ನಿಲ್ಲುತ್ತದೆ, ಹೆದರಿ ಇನ್ನಷ್ಟು ತಿಕ್ಕಬೇಡಿ.

ನನ್ನ ವಯಸ್ಸಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಬೀದಿಯ ಒಬ್ಬರಿಗೆ ಎಪ್ಪತ್ತು ದಾಟಿದೆ. ಕಿವಿಯ ಮುಂದೆ, ಹುಬ್ಬಿನ ಪಕ್ಕ ತಲೆನೋವು ಎಂದು ಮಗಳು ಮಸಾಜರ್ ತಂದುಕೊಟ್ಟಳು. ಇಟ್ಟ ಕೂಡಲೇ ಆಕೆ ಕೂಗಿಕೊಂಡರಂತೆ. ನನ್ನ ಹತ್ತಿರ ಹೇಳುವಾಗ "ಬಾಚಣಿಗೆ ಮುಟ್ಟಿಸಿದರೂ ನೋವು, ಚಪಾತಿ ಅಗಿಯುವಾಗ ದವಡೆ ಸೋಲುತ್ತದೆ" ಎಂದರು. ಅಂಥ ನೋವು 50 ದಾಟಿದವರಿಗೆ ಹೊಸದಾಗಿ ಬಂದರೆ ಅಲ್ಲಿನ ರಕ್ತನಾಳ ಊದಿಕೊಂಡಿರಬಹುದು, ಚಿಕಿತ್ಸೆ ತಡವಾದರೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಅಂದೇ ಆಸ್ಪತ್ರೆಗೆ ಕಳಿಸಿದೆ. ವೈದ್ಯರು ಅದೇ ಕಾಯಿಲೆಯ ಅನುಮಾನದ ಮೇಲೆ ಆ ದಿನವೇ ಮಾತ್ರೆ ಶುರು ಮಾಡಿದರು. ಈಗ ಆಕೆ ಪೇಪರ್ ಓದುತ್ತಾರೆ. ಬಾಚಿದರೆ ನೋಯುವ ತಲೆಗೆ ಮಸಾಜ್ ಮಾಡಬೇಡಿ, ಏಕೆ ನೋಯುತ್ತಿದೆ ಎಂದು ತೋರಿಸಿ.

ಬ್ರಷ್ಷು ತಲೆಗೊಂದು ಇರಲಿ. ಹೇನು, ಹುಳುಕಡ್ಡಿ ಎರಡೂ ಹಂಚಿಕೊಂಡರೆ ಹರಡಬಹುದು. ಬಳಸಿದ ಮೇಲೆ ಹಲ್ಲಿನ ಸಂದಿಯ ಕೂದಲು ಬಿಡಿಸಿ, ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೆಗೆದು, ಹಲ್ಲು ಕೆಳಗೆ ಬರುವಂತೆ ಗಾಳಿಯಾಡುವ ಕಡೆ ಒಣಗಿಸಿ. ಬಿಡಿಸಿದ ಕೂದಲನ್ನು ಬಚ್ಚಲ ಜಾಲರಿಗೆ ಬಿಡಬೇಡಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ.