ಬೂದು ಪ್ಯಾಂಟಿಗೆ ಯಾವ ಗುಲಾಬಿ?

"ಅಕ್ಕಾ, ಬೂದು ಬಣ್ಣಕ್ಕೆ ಗುಲಾಬಿ ಹೊಂದುತ್ತಾ?" ಹೊಲಿಗೆ ಕೆಲಸ ಮಾಡುವ ನನಗೆ ಇಂಥ ಪ್ರಶ್ನೆ ಆಗಾಗ ಬರುತ್ತದೆ. ನಾನು ಹೂಂ ಅನ್ನುವುದಿಲ್ಲ, ಉಹೂಂ ಅಂತಲೂ ಅನ್ನುವುದಿಲ್ಲ. ಎರಡೂ ಬಟ್ಟೆ ತಂದು ತೋರಿಸಿ ಎನ್ನುತ್ತೇನೆ. ಬೂದು ಎಂಬ ಒಂದೇ ಹೆಸರಿನಲ್ಲಿ ಹತ್ತಾರು ಬಣ್ಣ ಅಡಗಿರುತ್ತವೆ, ಗುಲಾಬಿಯದೂ ಅದೇ ಕಥೆ. ಇದಕ್ಕೆ ಇದು ಮ್ಯಾಚ್ ಅಂತ ಹೇಳುವ ಚಾರ್ಟ್‌ಗಳನ್ನು ನಾನು ನಂಬದಿರುವುದು ಇದಕ್ಕೇ.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬರು ಒಂದು ಬೂದು ಪ್ಯಾಂಟ್, ಎರಡು ಗುಲಾಬಿ ಶರ್ಟ್ ತಂದಿದ್ದರು. ಒಂದು ಶರ್ಟ್ ರಾಣಿ ಗುಲಾಬಿ, ಕಣ್ಣಿಗೆ ಹೊಡೆಯುವಂಥದ್ದು. ಇನ್ನೊಂದು ಸ್ವಲ್ಪ ಕಿತ್ತಳೆ ಕಡೆಗೆ ವಾಲಿದ, ತೊಳೆದು ತೊಳೆದು ಮಾಸಿದಂಥ ಪೀಚ್. ಪೀಚ್ ಜೊತೆ ಇಟ್ಟರೆ ಪ್ಯಾಂಟ್ ನೋಡಲು ಚೆನ್ನಾಗಿತ್ತು. ರಾಣಿ ಗುಲಾಬಿ ಪಕ್ಕದಲ್ಲಿ ಅದೇ ಪ್ಯಾಂಟ್ ಪಾಚಿ ಹಿಡಿದಂತೆ ಕಾಣುತ್ತಿತ್ತು. "ಶರ್ಟ್ ಬಣ್ಣವೇ ಸರಿಯಿಲ್ಲ" ಎಂದು ಅವರು ಶರ್ಟನ್ನು ಬೈದರು. ನನ್ನ ಅನುಮಾನ ಮಾತ್ರ ಪ್ಯಾಂಟಿನ ಮೇಲಿತ್ತು.

ಪ್ಯಾಂಟನ್ನು ಕಿಟಕಿ ಹತ್ತಿರ ಒಯ್ದೆ. ನೇರ ಬಿಸಿಲು ಬೀಳದ, ಬರೀ ಹಗಲು ಬೆಳಕಿರುವ ಜಾಗ ಬೇಕು. ನನ್ನ ಹತ್ತಿರ ಬೂದು ಬಣ್ಣದ ಚೂರುಬಟ್ಟೆಗಳ ಒಂದು ಕಟ್ಟೇ ಇದೆ. ಅದರಿಂದ ಎರಡು ಮೂರು ಚೂರು ತೆಗೆದು ಪ್ಯಾಂಟಿನ ಮೇಲೆ ಹಾಸಿದೆ. ಒಂದೇ ಬೂದನ್ನು ನೋಡಿದರೆ ಬೂದು ಅಷ್ಟೇ ಕಾಣುತ್ತದೆ. ನಾಲ್ಕು ಬೂದುಗಳನ್ನು ಸಾಲಾಗಿ ಇಟ್ಟರೆ ಗುಟ್ಟು ಹೊರಗೆ ಬರುತ್ತದೆ. ಒಂದು ನೀಲಿಗೆ ವಾಲುತ್ತದೆ, ಒಂದು ಕಂದಿಗೆ, ಒಂದು ನೇರಳೆಗೆ. ಈ ಪ್ಯಾಂಟ್ ಹಸಿರು ಮಿಶ್ರಿತ ಹಳದಿಗೆ ವಾಲಿತ್ತು. ಇದನ್ನೇ ಅಂಡರ್‌ಟೋನ್ ಅನ್ನುವುದು, ಅಂದರೆ ಮೇಲಿನ ಬಣ್ಣದ ಅಡಿಯಲ್ಲಿ ಇಣುಕುವ ಬಣ್ಣ. ಬಿಳಿ ಕಾಗದದ ಮೇಲಿಟ್ಟು ನೋಡಿ ಎಂದು ಕೆಲವರು ಹೇಳುತ್ತಾರೆ. ಅದೂ ನಡೆಯುತ್ತದೆ. ಆದರೆ ಬಿಳಿ ಕಾಣಲಿ ಎಂದು ಎಷ್ಟೋ ಕಾಗದಗಳಿಗೆ ನೀಲಿ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ. ಅಂಥ ಕಾಗದದ ಮೇಲೆ ಎಲ್ಲ ಬಟ್ಟೆಯೂ ಹಳದಿಗೆ ತಿರುಗಿದಂತೆ ಕಾಣುತ್ತದೆ. ಹಾಗಾಗಿ ಬೂದನ್ನು ಬೂದಿನ ಜೊತೆ, ಬಿಳಿಯನ್ನು ಬಿಳಿಯ ಜೊತೆ ಹೋಲಿಸುವುದೇ ನನಗೆ ಸರಿ ಅನ್ನಿಸುತ್ತದೆ.

ಸರಿ, ಪ್ಯಾಂಟಿನಲ್ಲಿ ಹಸಿರಿನ ಛಾಯೆ ಇದೆ ಅಂತಾಯಿತು. ಆದರೆ ಪೀಚ್ ಶರ್ಟಿನ ಜೊತೆ ಅದು ಯಾಕೆ ಕಾಣಲಿಲ್ಲ? ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಫ್ರಾನ್ಸಿನಲ್ಲಿ ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಇದ್ದರು. 1824ರಲ್ಲಿ ಅವರು ಗೋಬ್ಲಾ ಎಂಬ ನೇಯ್ಗೆ ಕಾರ್ಖಾನೆಯ ಬಣ್ಣ ಹಾಕುವ ವಿಭಾಗಕ್ಕೆ ಮುಖ್ಯಸ್ಥರಾದರು. ಅಲ್ಲಿನ ಕಪ್ಪು ದಾರ ಸರಿಯಾಗಿ ಕಪ್ಪಗೆ ಕಾಣುವುದಿಲ್ಲ ಎಂದು ದೂರು ಬಂದಿತ್ತು. ಪರೀಕ್ಷೆ ಮಾಡಿದರೆ ಕಪ್ಪು ಬಣ್ಣದಲ್ಲಿ ದೋಷವೇ ಇರಲಿಲ್ಲ. ನೇಯ್ಗೆಯಲ್ಲಿ ಅದರ ಪಕ್ಕಕ್ಕೆ ಬರುತ್ತಿದ್ದ ಬಣ್ಣಗಳೇ ಅದನ್ನು ಮಂಕಾಗಿ ಕಾಣಿಸುತ್ತಿದ್ದವು. ಎರಡು ಬಣ್ಣ ಅಕ್ಕಪಕ್ಕ ಬಂದಾಗ ನಮ್ಮ ಕಣ್ಣು ಅವುಗಳ ನಡುವಿನ ವ್ಯತ್ಯಾಸವನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ನೋಡುತ್ತದೆ. ಜೋರು ಬಣ್ಣದ ಪಕ್ಕ ಕೂತ ಸಪ್ಪೆ ಬಣ್ಣ ಆ ಜೋರು ಬಣ್ಣದ ವಿರುದ್ಧ ದಿಕ್ಕಿಗೆ, ಅಂದರೆ ಬಣ್ಣಗಳನ್ನು ಚಕ್ರದಂತೆ ಜೋಡಿಸಿದಾಗ ಅದಕ್ಕೆ ಎದುರು ಬರುವ ಬಣ್ಣದ ಕಡೆಗೆ, ಜರುಗಿದಂತೆ ಕಾಣುತ್ತದೆ.

ರಾಣಿ ಗುಲಾಬಿಯ ವಿರುದ್ಧ ಬಣ್ಣ ಹಸಿರು. ಪ್ಯಾಂಟಿನಲ್ಲಿ ಮೊದಲೇ ಹಸಿರಿನ ಛಾಯೆ ಇತ್ತು, ಶರ್ಟ್ ಅದನ್ನೇ ಎತ್ತಿ ತೋರಿಸಿತು. ಪೀಚ್‌ಗೆ ವಿರುದ್ಧ ದಿಕ್ಕಿನಲ್ಲಿರುವುದು ನೀಲಿ ಕಡೆಯ ಬಣ್ಣ. ಅದು ಪ್ಯಾಂಟನ್ನು ನೀಲಿಯತ್ತ ಸ್ವಲ್ಪ ತಳ್ಳಿತು. ಹಾಗೆ ತಳ್ಳಿದಾಗ ಪ್ಯಾಂಟಿನಲ್ಲಿದ್ದ ಹಳದಿ ಅಂಶ ತಗ್ಗಿ, ಅದು ಹೆಚ್ಚು ಕಡಿಮೆ ನಿಜವಾದ ಬೂದಿನಂತೆಯೇ ಕಂಡಿತು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಅಂಡರ್‌ಟೋನ್ ಆಟ ಅಂದುಕೊಳ್ಳಬಹುದಿತ್ತು. ಆದರೆ ಆ ಎರಡು ಶರ್ಟುಗಳ ನಡುವೆ ಇನ್ನೊಂದು ವ್ಯತ್ಯಾಸವೂ ಇತ್ತು ಅಲ್ವಾ? ಒಂದು ಝಗಮಗ, ಇನ್ನೊಂದು ಮಾಸಲು. ಯಾವುದರಿಂದ ಏನಾಯಿತು ಎಂದು ಬಿಡಿಸಿ ನೋಡಬೇಕಿತ್ತು. ರಾಣಿ ಗುಲಾಬಿಯ ಜಾತಿಯದೇ, ಆದರೆ ಬೂದು ಬೆರೆಸಿದಂತೆ ಮಾಸಲಾದ ಒಂದು ಚೂರು ಹುಡುಕಿ ಪ್ಯಾಂಟಿನ ಮೇಲಿಟ್ಟೆ. ಛಾಯೆ ಅದೇ, ಜೋರು ಮಾತ್ರ ಕಡಿಮೆ. ಪಾಚಿ ಬಹುಪಾಲು ಮಾಯವಾಯಿತು! ಆಮೇಲೆ ಕಡು ಪೀಚ್ ಬಣ್ಣದ ಇನ್ನೊಂದು ಚೂರು ಇಟ್ಟೆ. ಪ್ಯಾಂಟ್ ಕೊಳಕಾಗಿ ಕಾಣಲಿಲ್ಲ, ಆದರೆ ಸತ್ತ ಬಣ್ಣದಂತೆ ಕಂಡಿತು. ಆ ಚೂರು ಒಂದೇ ಕೂಗುತ್ತಿತ್ತು.

ಇದರಿಂದ ತಿಳಿದದ್ದು ಇಷ್ಟು. ಬಣ್ಣ ಯಾವ ಕಡೆಗೆ ಜರುಗುತ್ತದೆ ಎಂಬುದು ಪಕ್ಕದ ಬಣ್ಣದ ಛಾಯೆಯ ಮೇಲೆ ಹೋಗುತ್ತದೆ. ಎಷ್ಟು ಜೋರಾಗಿ ಜರುಗುತ್ತದೆ ಎಂಬುದು ಮುಖ್ಯವಾಗಿ ಸ್ಯಾಚುರೇಶನ್ ಮೇಲೆ, ಅಂದರೆ ಬಣ್ಣ ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಹೋಗುತ್ತದೆ. ಮಾಸಲು ಬಣ್ಣಗಳು ಒಂದಕ್ಕೊಂದು ಹೊಂದಿಕೊಂಡು ಹೋಗುವುದು ಇದಕ್ಕೇ, ಅವು ಯಾವುದನ್ನೂ ಜೋರಾಗಿ ತಳ್ಳುವುದಿಲ್ಲ. ಬೂದು, ಕ್ರೀಮ್, ಮರಳು ಬಣ್ಣಗಳನ್ನು "ಎಲ್ಲದಕ್ಕೂ ಹೊಂದುತ್ತವೆ" ಎಂದು ಕಣ್ಣುಮುಚ್ಚಿ ಕೊಳ್ಳುವವರು ಜಾಸ್ತಿ. ನನ್ನ ಪ್ರಕಾರ ಮೋಸ ಮಾಡುವುದೇ ಇವು. ಕಡು ಕೆಂಪಿನ ಸ್ವಭಾವ ದೂರದಿಂದಲೇ ಗೊತ್ತಾಗುತ್ತದೆ. ಸಪ್ಪೆ ಬಣ್ಣದ ಸ್ವಭಾವ ಪಕ್ಕಕ್ಕೆ ಇನ್ನೊಂದು ಬರುವ ತನಕ ಗೊತ್ತಾಗುವುದಿಲ್ಲ.

ಇನ್ನು ಕಾಂಟ್ರಾಸ್ಟ್. ಕೆಂಪಿಗೆ ಹಸಿರು ಕಾಂಟ್ರಾಸ್ಟ್ ಎಂದು ಬಣ್ಣಗಳ ಭೇದಕ್ಕೂ ಜನ ಇದೇ ಪದ ಬಳಸುತ್ತಾರೆ. ನಾನು ಮೊದಲು ನೋಡುವುದು ತಿಳಿ-ಗಾಢದ ಅಂತರವನ್ನು. ಅದಕ್ಕೆ ಸುಲಭ ದಾರಿ ಫೋನ್. ಎರಡೂ ಬಟ್ಟೆ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಬೇರೆ ಬೇರೆ ಫೋಟೋ ತೆಗೆದರೆ ಪ್ರಯೋಜನವಿಲ್ಲ, ಕ್ಯಾಮೆರಾ ಪ್ರತಿ ಸಲವೂ ಬೆಳಕನ್ನು ತನಗೆ ಬೇಕಾದಂತೆ ಸರಿಮಾಡಿಕೊಂಡುಬಿಡುತ್ತದೆ. ಕಪ್ಪು ಬಿಳುಪಿನಲ್ಲಿ ಶರ್ಟು ಪ್ಯಾಂಟಿನ ನಡುವಿನ ಗೆರೆ ಚೆನ್ನಾಗಿ ಕಂಡರೆ ಕಾಂಟ್ರಾಸ್ಟ್ ಇದೆ ಎಂದರ್ಥ. ಎರಡೂ ಒಂದೇ ಬೂದಾಗಿ ಕಲೆತುಹೋದರೆ ಇಲ್ಲ ಎಂದರ್ಥ.

ಕಾಂಟ್ರಾಸ್ಟ್ ಇಲ್ಲದಿರುವುದೇ ತಪ್ಪೇನಲ್ಲ. ಮಾಸಲು ಹಸಿರು, ಮಾಸಲು ನೀಲಿ ಎರಡೂ ಒಂದೇ ಮಟ್ಟದಲ್ಲಿದ್ದರೆ ಹಿತವಾಗಿಯೇ ಇರುತ್ತವೆ. ತೊಂದರೆ ಬರುವುದು ಎರಡೂ ಗಟ್ಟಿ ಬಣ್ಣಗಳಾಗಿ, ತಿಳಿ-ಗಾಢದಲ್ಲಿ ಸಮವಾಗಿ, ಛಾಯೆಯಲ್ಲಿ ಮಾತ್ರ ಎದುರುಬದುರಾಗಿರುವಾಗ. ಕಡು ಕೆಂಪು, ಎಲೆ ಹಸಿರು ಇಂಥ ಜೋಡಿ. ಎರಡೂ ಸೇರುವ ಅಂಚನ್ನು ದಿಟ್ಟಿಸಿ ನೋಡಿ, ಅದು ನಡುಗಿದಂತೆ ಕಾಣುತ್ತದೆ. ನಮ್ಮ ಕಣ್ಣು ಅಂಚನ್ನು ಚೂಪಾಗಿ ಗುರುತಿಸುವುದು ಬಹುಮಟ್ಟಿಗೆ ಬೆಳಕಿನ ಏರಿಳಿತದಿಂದ. ಇಲ್ಲಿ ಬೆಳಕು ಸಮ, ಬಣ್ಣ ಮಾತ್ರ ಬೇರೆ. ಅಂಚು ನಿಲ್ಲುವುದಿಲ್ಲ. ಇದಕ್ಕೆ ಹಸಿರನ್ನೇ ಬಿಡಬೇಕಾಗಿಲ್ಲ. ಅದೇ ಕೆಂಪಿನ ಜೊತೆ ಕಪ್ಪಿಗೆ ಹತ್ತಿರವಾದ ಬಾಟಲ್ ಹಸಿರು ಇಟ್ಟರೆ ನಡುಕ ನಿಲ್ಲುತ್ತದೆ. ಗಾಢವಾದ ಹಾಗೆ ಅದರ ಗಟ್ಟಿತನವೂ ಇಳಿಯುವುದರಿಂದ ಎರಡು ಲಾಭ ಒಟ್ಟಿಗೆ ಸಿಗುತ್ತವೆ.

ಇದಕ್ಕಿಂತ ಹೆಚ್ಚು ಬಟ್ಟೆ ಕೆಡುವುದು ಇನ್ನೊಂದು ಕಾರಣಕ್ಕೆ, ಹತ್ತಿರ ಹತ್ತಿರ ಇದ್ದೂ ಒಂದೇ ಅಲ್ಲದ ಬಣ್ಣಗಳಿಂದ. ಒಂದು ಕಡೆಯಿಂದ ಕೊಂಡ ಕಪ್ಪು ಕೋಟು, ಇನ್ನೊಂದು ಕಡೆಯಿಂದ ಕೊಂಡ ಕಪ್ಪು ಪ್ಯಾಂಟು. ಒಂದು ನೀಲಿ ಕಪ್ಪು, ಇನ್ನೊಂದು ನಾಲ್ಕು ಸಲ ತೊಳೆದ ಮೇಲೆ ಕಂದಿಗೆ ತಿರುಗಿದ ಕಪ್ಪು. ನೋಡುವವರಿಗೆ ಸೂಟ್ ಹಾಕಲು ಹೋಗಿ ತಪ್ಪು ಪ್ಯಾಂಟ್ ಎತ್ತಿಕೊಂಡಂತೆ ಕಾಣುತ್ತದೆ. ಕಣ್ಣು ಅರೆಮುಚ್ಚಿ ನೋಡುವುದು ನನ್ನ ಪರೀಕ್ಷೆ. ಅರೆಮುಚ್ಚಿದಾಗ ಎರಡೂ ಒಂದಾಗಿ, ಕಣ್ಣು ತೆರೆದಾಗ ಬೇರೆ ಎಂದು ಅನುಮಾನ ಬಂದರೆ ಆ ಜೋಡಿ ಬೇಡ. ಒಂದೋ ಎರಡೂ ಒಂದೇ ಥಾನಿನವಾಗಿರಲಿ, ಇಲ್ಲವೇ ಬೇಕೆಂದೇ ಬೇರೆ ಮಾಡಿದಂತೆ ಕಾಣಲಿ. ಬಟ್ಟೆಯ ಮೈ ಬದಲಾದರೂ ಸಾಕು. ನಯವಾದ ಪ್ಯಾಂಟಿನ ಮೇಲೆ ಗೆರೆಗೆರೆಯ ಕಾರ್ಡುರಾಯ್ ಕೋಟು ಇದ್ದರೆ ಎರಡು ಕಪ್ಪುಗಳ ವ್ಯತ್ಯಾಸವನ್ನು ಯಾರೂ ತಪ್ಪು ಅಂದುಕೊಳ್ಳುವುದಿಲ್ಲ.

ಬೆಳಕಿನದು ಬೇರೆಯೇ ಕಾಟ. ಹಗಲಲ್ಲಿ ಒಂದೇ ಎನ್ನಿಸಿದ ಎರಡು ಬಟ್ಟೆ ರಾತ್ರಿ ಬಲ್ಬಿನ ಕೆಳಗೆ ಬೇರೆಯಾಗಿಬಿಡಬಹುದು. ಬೇರೆ ಬೇರೆ ಡೈ ಬಳಸಿ ಒಂದೇ ಬಣ್ಣ ತರಿಸಿದ್ದರೆ ಹೀಗಾಗುತ್ತದೆ. ರಾತ್ರಿ ಉಡುವ ಬಟ್ಟೆಯನ್ನು ಹಗಲಲ್ಲಿ ಒಮ್ಮೆ ನೋಡಿ, ಆಮೇಲೆ ಹಳದಿ ಬಲ್ಬಿನ ಕೆಳಗೂ ಇನ್ನೊಮ್ಮೆ ನೋಡಬೇಕು.

ಪ್ರಿಂಟ್ ಬಟ್ಟೆಗೆ ಇದೆಲ್ಲ ಅಷ್ಟು ಸರಳವಾಗಿ ಹೊಂದುವುದಿಲ್ಲ. ಚಿಕ್ಕ ಚಿಕ್ಕ ಚುಕ್ಕಿಗಳಾದರೆ ದೂರದಿಂದ ಬಣ್ಣಗಳು ಒಂದರೊಳಗೊಂದು ಬೆರೆತು ಮೂರನೇ ಬಣ್ಣವಾಗುತ್ತವೆ. ಅಂಥದ್ದನ್ನು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಕಂಡ ಬಣ್ಣಕ್ಕೆ ಜೋಡಿ ಹುಡುಕುತ್ತೇನೆ.

ಆ ರಾಣಿ ಗುಲಾಬಿ ಶರ್ಟನ್ನು ಬಿಡಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. ಬೇರೆ ಪ್ಯಾಂಟ್ ಕೊಳ್ಳುವುದಾದರೆ ನೇವಿ ಬ್ಲೂ ತಗೊಳ್ಳಿ ಎಂದೆ. ಗಾಢವಾಗಿರುವುದರಿಂದ ಕಾಂಟ್ರಾಸ್ಟ್ ಸಿಗುತ್ತದೆ, ನೀಲಿ ತನ್ನ ಬಣ್ಣವನ್ನು ತಾನೇ ಗಟ್ಟಿಯಾಗಿ ಹಿಡಿದಿರುವುದರಿಂದ ಶರ್ಟ್ ಅದನ್ನು ಹಸಿರಿಗೆ ಎಳೆಯಲಾರದು. ಇದ್ದ ಪ್ಯಾಂಟನ್ನೇ ಉಡುವುದಾದರೆ ಎರಡರ ಅಂಚು ಸೇರದಂತೆ ಮಾಡಬೇಕು. ಶರ್ಟಿನ ಗುಂಡಿ ಬಿಚ್ಚಿ ಕೋಟಿನ ಹಾಗೆ ಹಾಕಿಕೊಂಡು, ಒಳಗೆ ಸೊಂಟದಿಂದ ಕೆಳಗಿಳಿಯುವ ಉದ್ದನೆಯ ಕ್ರೀಮ್ ಟೀ ಶರ್ಟ್ ಹಾಕಿಸಿದೆ. ಪ್ಯಾಂಟಿಗೆ ತಾಗಿದ ಬಣ್ಣ ಬಹುತೇಕ ಕ್ರೀಮ್ ಆಯಿತು, ಗುಲಾಬಿ ಬರೀ ಎರಡು ಪಟ್ಟಿಯಷ್ಟು ಉಳಿಯಿತು. ಹಸಿರು ಪೂರ್ತಿ ಹೋಗಲಿಲ್ಲ, ಆದರೆ ಹುಡುಕಿದರೆ ಮಾತ್ರ ಸಿಗುವಷ್ಟಕ್ಕೆ ಇಳಿಯಿತು. ಒಳಗಿನ ಟೀ ಶರ್ಟಿಗೆ ಅಚ್ಚ ಬಿಳಿ ಬೇಡ ಅಂದಿದ್ದೂ ಬೇಕೆಂದೇ. ನೀಲಿ ಹೊಳಪಿನ ಬಿಳಿ ತಾಗಿದ್ದರೆ ಪ್ಯಾಂಟಿನ ಹಳದಿ ಮತ್ತೆ ಎದ್ದು ಬರುತ್ತಿತ್ತು.