ಒಂದು ಮೂಟೆ ಸಿಮೆಂಟಿಗೆ ಎಷ್ಟು ಮಣ್ಣಿನ ಇಟ್ಟಿಗೆ?

ತೊಂಬತ್ತೈದು. ಯಾರಾದರೂ ನೂರೈವತ್ತು ತೆಗೆದುಕೊಡುತ್ತೇನೆ ಎಂದರೆ ಆ ಗುತ್ತಿಗೆದಾರನಿಗೆ ಕೈಮುಗಿದು ಕಳುಹಿಸಿ. ಮಣ್ಣಿಗೆ ಸಿಮೆಂಟು ಬೆರೆಸಿ, ಸುಡದೆ, ಕೈಯಂತ್ರದಲ್ಲಿ ಒತ್ತುವ 230×190×100 ಮಿಲಿಮೀಟರ್ ಇಟ್ಟಿಗೆ ಒಣಗಿದ ಮೇಲೆ ಸುಮಾರು 8 ಕಿಲೋ ತೂಗಬೇಕು. ಮಣ್ಣಿನ ತೂಕದ ಶೇ 7ರಷ್ಟು ಸಿಮೆಂಟು ಹಾಕಿದರೆ ಒಂದೊಂದಕ್ಕೂ ಅರ್ಧ ಕಿಲೋಗಿಂತ ತುಸು ಹೆಚ್ಚು ಬೇಕಾಗುತ್ತದೆ. 50 ಕಿಲೋ ಮೂಟೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಈ ಇಟ್ಟಿಗೆಯಲ್ಲಿ 190 ಮಿಲಿಮೀಟರ್ ದಪ್ಪದ ಗೋಡೆಗೆ ಒಂದು ಚದರ ಮೀಟರಿಗೆ 37 ಹಿಡಿಯುತ್ತವೆ. ಬಾಗಿಲು, ಕಿಟಕಿ ಕಳೆದು 60 ಚದರ ಮೀಟರ್ ಗೋಡೆಯಿರುವ ಸಣ್ಣ ಮನೆಗೆ 2,220 ಇಟ್ಟಿಗೆ, ಅಂದರೆ 24 ಮೂಟೆ ಸಿಮೆಂಟು. ಒಡೆಯುವುದಕ್ಕೆಂದು ಒಂದು ಮೂಟೆ ಹೆಚ್ಚು ಇಟ್ಟುಕೊಳ್ಳಿ.

ಮೊದಲು ಮಣ್ಣು. ಬೇರು, ಗೊಬ್ಬರ ಬೆರೆತ ಮೇಲ್ಮಣ್ಣನ್ನು ಒಂದೂವರೆ ಅಡಿ ತೆಗೆದುಹಾಕಿ, ಕೆಳಗಿನ ಕೆಮ್ಮಣ್ಣನ್ನು ಅಗೆಯಿರಿ. ಎರೆಮಣ್ಣಿನ ಊರಿನವರು ಈ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಅದಕ್ಕೆ ಸುಣ್ಣ ಬೇಕು. ಕೆಮ್ಮಣ್ಣಿಗೆ ಪರೀಕ್ಷೆ ಸುಲಭ. ಒಣಗಿದ ಒಂದು ಕಿಲೋ ಮಣ್ಣನ್ನು ಬಕೆಟ್ಟಿನಲ್ಲಿ ಕದಡಿ, ಕೆಂಪುನೀರು ಚೆಲ್ಲಿ, ತಿಳಿನೀರು ಬರುವ ತನಕ ತೊಳೆಯಿರಿ. ತಳದಲ್ಲಿ ಉಳಿದ ಮರಳನ್ನು ಒಣಗಿಸಿ ತೂಗಿ. ಅದು ಅರ್ಧ ಕಿಲೋ ಇದ್ದರೆ ಮಣ್ಣಿನಷ್ಟೇ ತೂಕದ ಎಂ-ಸ್ಯಾಂಡ್ ಸೇರಿಸಿ. ಮಿಶ್ರಣದಲ್ಲಿ ಮರಳು ಮುಕ್ಕಾಲು ಪಾಲಾಗುತ್ತದೆ, ಅಷ್ಟು ಸಾಕು. ಜೇಡಿ ಹೆಚ್ಚಿದ್ದರೆ ಗಟ್ಟಿ ಎಂದು ಹೇಳುವವರಿದ್ದಾರೆ, ಕುಂಬಾರಿಕೆಗೆ ಆ ಮಾತು ಸರಿ. ಇಲ್ಲಿ ಇಟ್ಟಿಗೆ ಒಣಗುವಾಗ ಬಿರುಕು ಬಿಡುತ್ತದೆ.

5 ಮಿಲಿಮೀಟರ್ ಜರಡಿಯಲ್ಲಿ ಜರಡಿ ಹಿಡಿಯಿರಿ.

ಇನ್ನು ಕಲಸುವುದು. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಇಲ್ಲಿಯೇ. ಪರಿಚಯದವರೊಬ್ಬರ ಜಾಗದಲ್ಲಿ ಬೆಳಿಗ್ಗೆಯೇ ಮೂರು ಮೂಟೆ ಸಿಮೆಂಟನ್ನು ಒಟ್ಟಿಗೆ ಕಲಸಿ ಗುಡ್ಡೆ ಹಾಕಿದ್ದರು. ಊಟದ ಹೊತ್ತಿಗೆ ಗುಡ್ಡೆ ಒಣಗಿತು, ಮೇಲೆ ನೀರು ಚಿಮುಕಿಸಿ ಮತ್ತೆ ಒತ್ತಿದರು. ಬೆಳಗಿನ ಇಟ್ಟಿಗೆ ಚೆನ್ನಾಗಿತ್ತು, ಮಧ್ಯಾಹ್ನದ್ದರ ಅಂಚು ಹೆಬ್ಬೆರಳಿಗೆ ಉದುರಿತು. ನೀರು ತಗಲಿದ ಗಳಿಗೆಯಿಂದ ಸಿಮೆಂಟು ಕಚ್ಚಲು ಶುರುಮಾಡುತ್ತದೆ. ಆ ಹಿಡಿತವನ್ನು ಮಧ್ಯಾಹ್ನ ಗುದ್ದಲಿಯಿಂದ ಒಡೆದರೆ ಮತ್ತೆ ಕೂಡುವುದಿಲ್ಲ.

ಆದ್ದರಿಂದ ಒಂದು ಸಲಕ್ಕೆ 140 ಕಿಲೋ ಮಣ್ಣು-ಮರಳು, 10 ಕಿಲೋ ಸಿಮೆಂಟು ಮಾತ್ರ. ಇದರಿಂದ 19 ಇಟ್ಟಿಗೆ ಬರುತ್ತವೆ, ಕೈ ಪಳಗಿದ ತಂಡ ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಎರಡನ್ನೂ ಒಣಗಿದಂತೆಯೇ ಬೆರೆಸಿ, ಬೂದು ಗೆರೆ ಕಾಣದಂತಾದ ಮೇಲೆ ನೀರು ಚಿಮುಕಿಸಿ. ಸುಮಾರು 15 ಲೀಟರ್ ಸಾಕು, ಆದರೆ ಮಣ್ಣು ಮೊದಲೇ ಹಸಿಯಿದ್ದರೆ ಕಡಿಮೆ. ಹಾಗಾಗಿ ಲೀಟರಿಗಿಂತ ಕೈಯನ್ನು ನಂಬಿ. ಒಂದು ಉಂಡೆ ಕಟ್ಟಿ. ಅಂಗೈಗೆ ನೀರು ಹತ್ತಬಾರದು. ಅದನ್ನು ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಸರಿ. ಪುಡಿಯಾದರೆ ನೀರು ಸಾಲದು. ಚಪಾತಿಯಂತೆ ಒಂದೇ ಮುದ್ದೆಯಾಗಿ ಕೂತರೆ ನೀರು ಹೆಚ್ಚು.

ಅಚ್ಚಿಗೆ ಬಾಂಡಲಿ ಲೆಕ್ಕದಲ್ಲಿ ಮಣ್ಣು ಸುರಿಯುವುದು ಎರಡನೆಯ ತಪ್ಪು. ಕೈಯಂತ್ರ ಪ್ರತಿ ಬಾರಿಯೂ ಅದೇ ಗಾತ್ರಕ್ಕೆ ಒತ್ತುತ್ತದೆ. ಮಣ್ಣು ಕಡಿಮೆಯಿದ್ದರೂ ಇಟ್ಟಿಗೆ ನೋಡಲು ಒಂದೇ ಥರ, ಒಳಗೆ ಪೊಳ್ಳು. ಯಂತ್ರದ ಪಕ್ಕದಲ್ಲೇ ತಕ್ಕಡಿ ಇಡಿ, ಪ್ರತಿ ಇಟ್ಟಿಗೆಗೂ 8.7 ಕಿಲೋ ಹಸಿಮಣ್ಣು ತೂಗಿ ಹಾಕಿ. ಹಿಡಿ ಎಳೆಯಲು ಹಗುರವಾಯಿತೆಂದರೆ ತೂಗುವವನು ಕಳ್ಳಾಟ ಆಡುತ್ತಿದ್ದಾನೆ.

ಮಣ್ಣು ಗಟ್ಟಿಯಾಗಿಸುತ್ತದೆಂದು ಡಬ್ಬಿಯಲ್ಲಿ ಮಾರುವ ದ್ರಾವಣಗಳಿವೆ. ನಾನಂತೂ ಕೊಳ್ಳುವುದಿಲ್ಲ. ಮೂಟೆಯ ಮೇಲಿನ ತಾರೀಖು ನೋಡಿ, ಮೂರು ತಿಂಗಳು ದಾಟಿದ ಸಿಮೆಂಟು ಬೇಡ.

ಒತ್ತಿದ ಇಟ್ಟಿಗೆಯನ್ನು ಬಿಸಿಲಿಗೆ ಒಣಹಾಕುವುದು ನಮ್ಮ ಹಳೇ ಅಭ್ಯಾಸ, ಸುಡುವ ಇಟ್ಟಿಗೆಯಿಂದ ಬಂದದ್ದು. ಇದಕ್ಕೆ ಬೇಕಾದದ್ದು ನೇರ ಉಲ್ಟಾ. ನೆರಳಿನಲ್ಲಿ ಪೇರಿಸಿ, ಹುಲ್ಲು ಇಲ್ಲವೇ ಗೋಣಿ ಹೊದಿಸಿ, ಮಾರನೆಯ ದಿನದಿಂದ ಮೂರು ವಾರ ಅದು ಒಣಗದಂತೆ ನೀರು ಚಿಮುಕಿಸಿ. ತಿಂಗಳಾದ ಮೇಲೆ ನಾಲ್ಕೈದನ್ನು ಆರಿಸಿ ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಮೊಳೆಯಿಂದ ಗೀರಿ. ಗೆರೆ ಮಾತ್ರ ಬಿದ್ದರೆ ಕಟ್ಟಬಹುದು. ಮೊಳೆ ಒಳಗಿಳಿದರೆ ಆ ದಿನದ ರಾಶಿಯನ್ನು ಹೊರಗೋಡೆಗೆ ಹಾಕಬೇಡಿ.

ಕಟ್ಟುವುದು ಮೇಸ್ತ್ರಿಗೆ ಗೊತ್ತಿದ್ದದ್ದೇ. ಗಾರೆಗೆ ಮಾತ್ರ ಒಂದು ಪಾಲು ಸಿಮೆಂಟು, ಎರಡು ಪಾಲು ಮಣ್ಣು, ಆರು ಪಾಲು ಮರಳು ಎಂದು ಹೇಳಿ, ಇಟ್ಟಿಗೆಯನ್ನು ತೇವ ಮಾಡಿಸಿ. ಪಾಯದ ಕಲ್ಲು ನೆಲದಿಂದ ಒಂದೂವರೆ ಅಡಿಯಾದರೂ ಮೇಲಿರಲಿ, ಸೂರು ಎರಡಡಿ ಮುಂದಕ್ಕೆ ಚಾಚಲಿ. ಹೊರಗೆ ಗಿಲಾವು ಮಾಡಿಸಲೇಬೇಕೆಂದು ಮೇಸ್ತ್ರಿ ಹಟ ಹಿಡಿದರೆ, ಸೂರು ಇನ್ನರ್ಧ ಅಡಿ ಉದ್ದ ಮಾಡೆಂದು ಹೇಳಿ.